ಸಹಾಯ ಬೇಕು: ಗಂಗಾವತಿಯಲ್ಲಿ ಒಬ್ಬರೇ ಇರುವ ಅಪ್ಪ

ಅವ್ವ ತೀರಿಕೊಂಡು ಎಂಟು ತಿಂಗಳಾಯಿತು. ಅಪ್ಪನಿಗೆ 71. ಊರು ಬಿಟ್ಟು ಬರಲ್ಲ ಅಂತಾರೆ. ನಾನು ಬೆಂಗಳೂರಲ್ಲಿ, ತಮ್ಮ ಹುಬ್ಬಳ್ಳಿಯಲ್ಲಿ.

ಮೊದಲು ಹೆದರಿ ತಪ್ಪು ಮಾಡಿದೆವು. ಅವರನ್ನು ಕೇಳದೆ ಪಡಸಾಲೆಗೆ ಕ್ಯಾಮೆರಾ ಹಾಕಿಸಿದೆವು. ಪಾಸ್‌ಬುಕ್ ತಮ್ಮ ಒಯ್ದ. ಫೋನಿನಲ್ಲಿ ದಿನಾ "ಬಿಪಿ ಗುಳಿಗೆ ತಗೊಂಡ್ರಾ, ಊಟ ಆಯ್ತಾ" ಇಷ್ಟೇ. ಒಂದು ದಿನ ಕ್ಯಾಮೆರಾ ಮೇಲೆ ಟವೆಲ್ ಬಿದ್ದಿತ್ತು. "ನಾ ಏನ್ ಕಳ್ಳ ಏನವ್ವಾ?" ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಕ್ಯಾಮೆರಾ ತೆಗೆಸಿದೆವು, ಪಾಸ್‌ಬುಕ್ ವಾಪಸ್ ಕೊಟ್ಟೆವು. ಏನು ಮಾಡಿದರೆ ನಮಗೂ ಧೈರ್ಯ ಅಂತ ಅವರನ್ನೇ ಕೇಳಿದೆ. ದಾರಿ ಅವರೇ ಹೇಳಿದರು: ಬೆಳಿಗ್ಗೆ 8 ಆದರೂ ಅಂಗಳದ ಲೈಟ್ ಉರಿಯುತ್ತಿದ್ದರೆ ಪಕ್ಕದ ಮನೆಯ ಕಾಕಾ ಬಾಗಿಲು ಬಡಿಯಬೇಕು. ಒಂದು ಕೀಲಿಯೂ ಅವರ ಹತ್ತಿರ ಇದೆ. ಈಗ ನಾನು ಗುಳಿಗೆ ಲೆಕ್ಕ ಕೇಳಲ್ಲ, ಈ ಸಲ ಭತ್ತ ಯಾವಾಗ ಮಾರೋದು ಅಂತ ಕೇಳುತ್ತೇನೆ. ಇಪ್ಪತ್ತು ನಿಮಿಷ ಮಾತಾಡುತ್ತಾರೆ.

ಆದರೆ ಸಂಜೆ ಕಷ್ಟ. ಅವ್ವನ ಜೊತೆ ಚಹಾ ಕುಡಿಯುವ ಹೊತ್ತು ಅದು. ಗೆಳೆಯರು ಕೂಡುವ ಕಟ್ಟೆಗೂ ಹೋಗುವುದು ಬಿಟ್ಟಿದ್ದಾರೆ. ಹೋದ ಸಲ ನೋಡಿದೆ, ಬೆಳಿಗ್ಗೆಯ ಅನ್ನಸಾರೇ ರಾತ್ರಿಗೂ. ಅಂಗಿ ಸಡಿಲಾಗಿದೆ. ದುಃಖವೇ ಇರಬಹುದು, ಸಕ್ಕರೆ ಕಾಯಿಲೆಯೋ ಇನ್ನೇನೋ ಇರಬಹುದು ಅಂತ ಭಯ. ಡಾಕ್ಟರ್ ಅಂದರೆ ಸಿಟ್ಟಾಗುತ್ತಾರೆ.

ನಿಮ್ಮ ಮನೆಯಲ್ಲಿ ಹೀಗಾದಾಗ ತಪಾಸಣೆಗೆ ಹೇಗೆ ಒಪ್ಪಿಸಿದಿರಿ? ನಾನೇ ಅವರ ಗೆಳೆಯರಿಗೆ ಫೋನ್ ಮಾಡಿ ಕರೆಸಿದರೆ ಅಪ್ಪನಿಗೆ ಅವಮಾನ ಅನಿಸುತ್ತಾ?