ಗ್ಲೇರಿಗೂ ಮುಖದ ಶೈನಿಗೂ ಒಂದೇ ಪದ ಸಾಕಾ?

ಎಲ್ಲರಿಗೂ ನಮಸ್ಕಾರ, ಸ್ಟುಡಿಯೋದ ಹುಡುಗರಿಗೆ ಅಂತ ಕನ್ನಡದಲ್ಲಿ ಒಂದು ಪುಟ ಬರೀತಾ ಇದ್ದೇನೆ, ಒಂದು ಪದದ ಹತ್ರ ನಿಂತುಹೋಯ್ತು. ಮೊನ್ನೆ ಬೇಕಲದಲ್ಲಿ ಮದುವೆ ಜೋಡಿಯ ಶೂಟ್, ಸಂಜೆ ಐದು ಗಂಟೆ, ಹುಡುಗಿ ಒದ್ದೆ ಮರಳಲ್ಲಿ ನಿಂತಿದ್ದಾಳೆ, ಸಮುದ್ರವೂ ಸೂರ್ಯನೂ ಅವಳ ಒಂದು ಪಕ್ಕಕ್ಕೆ. ಮರಳು ಕಣ್ಣು ಕುಕ್ಕುತ್ತೆ, ಆ ಬದಿಯ ಕೆನ್ನೆಯಲ್ಲೂ ಬಿಳಿ ಪಟ್ಟೆ. ಲೆನ್ಸಿನ ಮುಂದಿನ ಪೋಲರೈಸರ್ ಫಿಲ್ಟರ್ ತಿರುಗಿಸಿದೆ, ಮರಳಿನ ಹೊಳಪು ಹೋಯ್ತು, ಕೆನ್ನೆಯದ್ದು ಹಾಗೇ ಉಳೀತು! ಇನ್ನೂ ತಿರುಗಿಸಿದ್ರೆ ಕೆನ್ನೆ ಸರಿಯಾಯ್ತು, ಮರಳು ಮತ್ತೆ ಹೊಳೀತು. ಹಾಗಾದ್ರೆ ಇವೆರಡಕ್ಕೂ ‘ಹೊಳಪು’ ಅಂತ ಬರೆದ್ರೆ ಹುಡುಗರಿಗೆ ಅರ್ಥ ಆಗ್ತದಾ? ಇಲ್ಲಿ ಮಲಯಾಳಂ ಮಾತಾಡುವವ್ರು ಎರಡಕ್ಕೂ ‘ತಿಳಕ್ಕಂ’ ಅಂದು ಮುಗಿಸ್ತಾರೆ.

ಬದಿಯಡ್ಕದ ಮೇಷ್ಟ್ರು: ಎರಡೂ ಪ್ರತಿಫಲನವೇ ತಾನೆ, ‘ಪ್ರತಿಫಲನ’ ಅಂತ ಬರೀರಿ. ಫಿಲ್ಟರು ಇನ್ನೂ ಒಳ್ಳೇದು ತಗೊಂಡ್ರೆ ಎರಡೂ ಒಟ್ಟಿಗೆ ಹೋಗ್ತದೆ.

ಮಂಜೇಶ್ವರದಿಂದ: ನಂಗೆ ಬೇರೆಯೇ ಆಗಿತ್ತು, ಮನಾಲಿ ಹಿಮದಲ್ಲಿ ನಮ್ಮ ಮುಖ ಎಲ್ಲ ಕಪ್ಪು ಬಂದಿತ್ತು. ಅದೂ ಗ್ಲೇರಾ?

ಕುಂಬಳೆಯಿಂದ (ಇಪ್ಪತ್ತು ವರ್ಷ ಕ್ಯಾಮರಾ ಹಿಡಿದವ): ಮೇಷ್ಟ್ರೇ, ಪ್ರತಿಫಲನ ಅನ್ನೋದು ಸರಿ, ಫಿಲ್ಟರಿನ ದುಡ್ಡಿನ ಮಾತು ತಪ್ಪು. ಮರಳು ಮಲಗಿದ ಮೈ, ಕೆನ್ನೆ ನಿಂತ ಮೈ. ಮಲಗಿದ್ದರಿಂದ ಚಿಮ್ಮಿದ ಬೆಳಕು ಅಡ್ಡಕ್ಕೆ ಕಂಪಿಸ್ತದೆ, ಪಕ್ಕದ ಬಿಸಿಲು ಕೆನ್ನೆಯಿಂದ ಚಿಮ್ಮಿದಾಗ ಮೇಲೆ-ಕೆಳಗೆ. ಫಿಲ್ಟರ್ ಒಂದು ದಿಕ್ಕನ್ನು ಮಾತ್ರ ತಡೀತದೆ, ಎಷ್ಟು ದುಬಾರಿಯಾದ್ರೂ ಅಷ್ಟೇ. ಅದೂ ಬೆಳಕು ಓರೆಯಾಗಿ ಬಿದ್ರೆ ಮಾತ್ರ, ಸೂರ್ಯ ನಿಮ್ಮ ಬೆನ್ನಿಗೆ ಇದ್ರೆ ಕೆನ್ನೆಗೆ ಏನೂ ಆಗಲ್ಲ. ಜೊತೆಗೆ ಒಂದೂವರೆ-ಎರಡು ಸ್ಟಾಪ್ ಬೆಳಕು ಹೋಗ್ತದೆ. ನಾನು ಫಿಲ್ಟರನ್ನು ಮರಳಿಗೆ ಬಿಟ್ಟು ಮುಖಕ್ಕೆ ಟಿಶ್ಯೂ ಒತ್ತಿಸ್ತೇನೆ, ಒತ್ತೋದು ಮಾತ್ರ, ಉಜ್ಜಿದ್ರೆ ಮೇಕಪ್ ಹೋಗಿ ಹೊಸ ಮಿರುಗು ಹುಟ್ತದೆ. ಮೊದಲು ಪರದೆಯಲ್ಲಿ ಆ ಪಟ್ಟೆ ಮಿನುಗ್ತಾ ಉಂಟಾ ನೋಡಿ, ಮಿನುಗಿದ್ರೆ ಅಲ್ಲಿ ಚರ್ಮದ ಬಣ್ಣ ಸುಟ್ಟುಹೋಗಿದೆ, ಎಡಿಟಿಂಗಲ್ಲಿ ಸಿಗೋದು ಕಷ್ಟ. ಮಂಜೇಶ್ವರದವ್ರೇ, ನಿಮ್ದು ಗ್ಲೇರ್ ಅಲ್ಲ, ಹಿಮದ ಬಿಳಿ ನೋಡಿ ಕ್ಯಾಮರಾದ ಬೆಳಕಿನ ಮೀಟರ್ ಹೆದರಿ ಬೆಳಕು ತಗ್ಗಿಸಿದ್ದು, ಒಂದರಿಂದ ಎರಡು ಸ್ಟಾಪ್ ಏರಿಸಬೇಕಿತ್ತು.

ನೀರ್ಚಾಲಿನ ಅಕ್ಕ: ಹಾಗಾದ್ರೆ ಪದವೂ ಎರಡು ಬೇಕು. ನೋಡುವವರ ಕಣ್ಣಿಗೆ ನೋವಾದ್ರೆ ‘ಕುಕ್ಕು’, ಎಣ್ಣೆಮೈಯದ್ದು ‘ಮಿರುಗು’. ನಮ್ಮಲ್ಲಿ ಹೊಸ ಪಾತ್ರೆ ಮಿರುಗ್ತದೆ, ಮಧ್ಯಾಹ್ನದ ತಗಡು ಕುಕ್ತದೆ.

ಮೇಷ್ಟ್ರು: ತಗಡೂ ಮಿರುಗ್ತದಲ್ಲಮ್ಮ.

ಕೇಳಿದವ: ಮಿರುಗು ತಗೊಂಡೆ ಅಕ್ಕ, ‘ಕುಕ್ಕು’ ಅಂದ್ರೆ ಹುಡುಗರಿಗೆ ಕೋಳಿಯೇ ನೆನಪಾದೀತು, ಅದಕ್ಕೆ ಬೇರೆ ಏನಾದ್ರೂ ಉಂಟಾ?