ಅಪ್‌ಡೇಟ್: 40 ಅಲ್ಲ, 45 ಯಾಕೆ ಅಂತ ಗೊತ್ತಾಯ್ತು

ನಾನು ಕೇಳಿದ್ದು: 8 ಮೀಟರ್ ಸಿಂಪ್ಲಿ ಸಪೋರ್ಟೆಡ್ ಬೀಮ್, ಎಡಗಡೆ 4 ಮೀಟರ್ ಮೇಲೆ ಮಾತ್ರ ಮೀಟರ್‌ಗೆ 10 ಕಿಲೋನ್ಯೂಟನ್ ಲೋಡ್. ಮ್ಯಾಕ್ಸಿಮಮ್ ಬೆಂಡಿಂಗ್ ಮೊಮೆಂಟ್ ನಂಗೆ 40 ಬರ್ತಿದೆ, ಆನ್ಸರ್ ಕೀಲಿ 45. ಯಾಕೆ?

ಅಪ್‌ಡೇಟ್: ತಪ್ಪು ಸಿಕ್ತು. ರಿಯಾಕ್ಷನ್ ಸರಿನೇ ಇತ್ತು, ಎಡಕ್ಕೆ 30 ಬಲಕ್ಕೆ 10, ಆದ್ರೆ ನಾನು ಕಣ್ಮುಚ್ಕೊಂಡು ಬೀಮ್ ನಡುವೆ ಮೊಮೆಂಟ್ ತಗೊಂಡಿದ್ದೆ, ಅಲ್ಲಿ 40 ಬರೋದೇ. ಶಿಯರ್ ಡಯಾಗ್ರಾಮ್ ಮೊದ್ಲು ಹಾಕಿದ್ಮೇಲೆ ಗೊತ್ತಾಯ್ತು, ಎಡ ಸಪೋರ್ಟ್‌ನಲ್ಲಿ 30 ಇರೋದು ಮೀಟರ್‌ಗೆ 10ರಂತೆ ಇಳೀತಾ 3 ಮೀಟರ್‌ಗೇ ಸೊನ್ನೆ ಆಗಿಬಿಡುತ್ತೆ, ಮೊಮೆಂಟ್ ಪೀಕ್ ಅಲ್ಲೇ: 30×3 − 10×3×1.5 = 45 ಕಿಲೋನ್ಯೂಟನ್ ಮೀಟರ್. ಆ ಶಿಯರ್ ತ್ರಿಕೋನದ ಏರಿಯಾ ½×3×30 ತೆಗೆದ್ರೂ ಅದೇ 45, ಎಕ್ಸಾಮಲ್ಲಿ ಚೆಕ್ ಮಾಡೋಕೆ ಹತ್ತು ಸೆಕೆಂಡ್ ಸಾಕು.