ಸ್ಟ್ಯಾಂಡರ್ಡ್ ಸರಿ ತೋರಿಸುತ್ತೆ, ಫಿಲ್ಟರ್ ನೀರು ಮಾತ್ರ 0.6: ಟರ್ಬಿಡಿಟಿ ಮೀಟರ್ ಬಗ್ಗೆ ಅನುಭವ ಹೇಳಿ

ಕೇಳಿದವರು (ನೀರು ಶುದ್ಧೀಕರಣ ಘಟಕದ ಲ್ಯಾಬ್):
ನಮ್ಮ ಮೀಟರ್‌ಗೆ 20, 100, 800 ಎನ್‌ಟಿಯು ಫಾರ್ಮಾಜಿನ್ ಹಾಕಿ ಕ್ಯಾಲಿಬ್ರೇಟ್ ಮಾಡ್ತೀನಿ. ಮೂರೂ ಸರಿಯಾಗಿ ಬರುತ್ತೆ. ಆದ್ರೆ ಫಿಲ್ಟರ್ ಆದ ನೀರು ಒಮ್ಮೆ 0.61, ಒಮ್ಮೆ 0.35. ಲೈನಿನಲ್ಲಿರೋ ಆನ್‌ಲೈನ್ ಮೀಟರ್ 0.12 ಅನ್ನುತ್ತೆ. ಯಾವುದನ್ನ ನಂಬಲಿ? ಮೇಲಿನವರು ಆಲಂ ಜಾಸ್ತಿ ಮಾಡಿ ಅಂತಿದ್ದಾರೆ.

ನಿವೃತ್ತ ಕೆಮಿಸ್ಟ್, ಮೈಸೂರು:
ಆಲಂ ಮುಟ್ಟಬೇಡಿ. ಮೊದಲು ಮೀಟರ್ ಕಡೆ ನೋಡೋಣ.

20ರಲ್ಲಿ ಸರಿ ಬಂತು ಅಂದ ಮಾತ್ರಕ್ಕೆ 0.2ರಲ್ಲೂ ಸರಿ ಅಂತಲ್ಲ. ಮೀಟರ್ ಮಾಡೋ ಕೆಲಸ ಇಷ್ಟೇ: ನೀರಿನೊಳಗೆ ಬೆಳಕು ಬಿಟ್ಟು, ಕಣಗಳಿಗೆ ಬಡಿದು ಪಕ್ಕಕ್ಕೆ ಚೆದುರಿದ ಬೆಳಕನ್ನು ಅಳೆಯುವುದು. ಆ ಸೆನ್ಸರ್‌ಗೆ ಬೆಳಕು ಎಲ್ಲಿಂದ ಬಂತು ಅನ್ನೋದು ಗೊತ್ತಾಗಲ್ಲ. ವೈಯಲ್ ಮೇಲಿನ ಗೀರು, ಬೆರಳಿನ ಗುರುತು, ಲೆನ್ಸ್ ಮೇಲಿನ ಧೂಳು, ಸರಿಯಾಗಿ ಕೂರದ ಮುಚ್ಚಳ, ಎಲ್ಲವೂ ಒಂದಿಷ್ಟು ಬೆಳಕನ್ನು ಅತ್ತ ತಳ್ಳುತ್ತವೆ. ಇದನ್ನೇ ಸ್ಟ್ರೇ ಲೈಟ್ ಅನ್ನೋದು. ಇದು ಯಾವಾಗಲೂ ರೀಡಿಂಗ್‌ಗೆ ಕೂಡಿಕೊಳ್ಳುತ್ತದೆ, ಕಳೆಯುವುದಿಲ್ಲ. 20 ಎನ್‌ಟಿಯುಗೆ 0.2 ಕೂಡಿದರೆ ಶೇಕಡಾ ಒಂದು, ನಿಮ್ಮ ಕಣ್ಣಿಗೇ ಬೀಳಲ್ಲ. 0.15ಕ್ಕೆ 0.2 ಕೂಡಿದರೆ ರೀಡಿಂಗ್ ದುಪ್ಪಟ್ಟಿಗೂ ಜಾಸ್ತಿ.

ಸ್ಯಾಂಪಲ್ ಹೇಗೆ ಹಿಡೀತೀರಿ, ಎಷ್ಟು ವೈಯಲ್ ಇವೆ, ಹೇಳಿ.

ಕಾಲೇಜು ಲ್ಯಾಬ್ ಸಹಾಯಕಿ:
ಇದಕ್ಕೆ ಸುಲಭ ದಾರಿ ಇದೆ ಸರ್. ಫಾರ್ಮಾಜಿನ್‌ನಿಂದಲೇ 0.5 ಎನ್‌ಟಿಯು ಸ್ಟ್ಯಾಂಡರ್ಡ್ ಮಾಡಿ ಕ್ಯಾಲಿಬ್ರೇಟ್ ಮಾಡಿ. 20ರದ್ದನ್ನು 2.5 ಎಂಎಲ್ ತಗೊಂಡು 100ಕ್ಕೆ ತುಂಬಿಸಿದರೆ ಆಯ್ತು. ನಾವು ಒಮ್ಮೆ ಮಾಡಿಟ್ಟು ಒಂದು ತಿಂಗಳು ಬಳಸ್ತೀವಿ.

ನಿವೃತ್ತ ಕೆಮಿಸ್ಟ್, ಮೈಸೂರು:
ಮೇಡಂ, ಲೆಕ್ಕ ಸರಿ. ಆದರೆ ತುಂಬಿಸುವ ನೀರನ್ನು ಮರೆತಿದ್ದೀರಿ. ಕ್ಯಾನ್‌ನಲ್ಲಿ ನಾಲ್ಕು ದಿನ ನಿಂತ ಡಿಸ್ಟಿಲ್ಡ್ ವಾಟರ್ 0.3 ಎನ್‌ಟಿಯು ಇದ್ದರೆ, ನೀವು 0.5 ಅಂತ ಚೀಟಿ ಅಂಟಿಸಿದ ಬಾಟಲಿಯಲ್ಲಿ ನಿಜವಾಗಿ ಇರೋದು ಸುಮಾರು 0.8. ಅದೇ ನೀರಿನಲ್ಲಿ 20 ಮಾಡಿದರೆ 20.3, ತೊಂದರೆ ಇಲ್ಲ. ಅದಕ್ಕೇ ಕ್ಯಾಲಿಬ್ರೇಷನ್ 20ರಲ್ಲಿ ಮಾಡಿ, ಕೆಳಗಿನ ತುದಿಯನ್ನು ಶುದ್ಧ ನೀರಿನಿಂದ ಪರೀಕ್ಷಿಸುವುದು. ನೀರನ್ನು 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಅವತ್ತೇ ಬಳಸಿ.

ಇನ್ನು ತಿಂಗಳು ಇಡೋ ವಿಷಯ. 4000 ಎನ್‌ಟಿಯು ಸ್ಟಾಕ್ ವರ್ಷದವರೆಗೂ ತಡೆಯುತ್ತದೆ. ತೆಳುವಾಗಿ ಮಾಡಿದ್ದು ತಡೆಯುವುದಿಲ್ಲ. 0.5 ಎಂಎಲ್ ಸ್ಟಾಕನ್ನು 100ಕ್ಕೆ ತುಂಬಿಸಿದರೆ 20 ಬರುತ್ತದೆ. ಅದನ್ನು ಬೆಳಿಗ್ಗೆ ಮಾಡಿ, ಸಂಜೆ ಚೆಲ್ಲಿ. ಪಿಪೆಟ್ ಇಳಿಸುವ ಮುನ್ನ ಸ್ಟಾಕ್ ಬಾಟಲಿಯನ್ನು ನಿಧಾನವಾಗಿ ಹಲವು ಸಲ ತಲೆಕೆಳಗು ಮಾಡಬೇಕು, ತಳದಲ್ಲಿ ಬಿಳಿ ಕೂತಿರುತ್ತದೆ. ಜೋರಾಗಿ ಕುಲುಕಿದರೆ ಗಾಳಿ ಸೇರುತ್ತದೆ. ಸ್ಟಾಕನ್ನೇ ನೀವು ತಯಾರಿಸುತ್ತಿದ್ದರೆ ಹೈಡ್ರಜೀನ್ ಸಲ್ಫೇಟ್ ವಿಷ, ಕ್ಯಾನ್ಸರ್ ಭಯ ಇರುವ ವಸ್ತು. ಗ್ಲೌಸ್ ಬಿಡಬೇಡಿ. ನಾನಾದರೆ ರೆಡಿ ಸ್ಟಾಕ್ ಕೊಳ್ಳುತ್ತೇನೆ.

ಕೇಳಿದವರು:
ವೈಯಲ್ ಮೂರಿವೆ ಸರ್. ಒಂದನ್ನೇ ದಿನಾ ಬಳಸೋದು. ಸ್ಯಾಂಪಲ್ ನಲ್ಲಿಯಿಂದ ನೇರ ವೈಯಲ್‌ಗೆ, ತಕ್ಷಣ ಮೀಟರ್‌ಗೆ. ಬಿಟ್ಟರೆ ಕಣ ತಳಕ್ಕೆ ಕೂತುಬಿಡುತ್ತೆ ಅಂತ ಹೇಳಿಕೊಟ್ಟಿದ್ರು.

ಫಿಲ್ಟರ್ ಹೌಸ್ ಆಪರೇಟರ್:
ಅಲ್ಲೇ ಇದೆ ನೋಡಿ ಗುಳ್ಳೆ! ಒತ್ತಡದ ಲೈನಿನಲ್ಲಿ ನೀರೊಳಗೆ ಗಾಳಿ ಕರಗಿರುತ್ತದೆ. ನಲ್ಲಿ ಬಿಟ್ಟ ತಕ್ಷಣ ಒತ್ತಡ ಇಳಿದು ಗಾಳಿ ಹೊರಗೆ ಬರುತ್ತದೆ. ಚಳಿಗಾಲದಲ್ಲಿ ತಣ್ಣನೆ ನೀರು ಲ್ಯಾಬ್‌ನಲ್ಲಿ ಬೆಚ್ಚಗಾದಾಗಲೂ ಹಾಗೇ. ವೈಯಲ್ ಅನ್ನು ಟ್ಯೂಬ್‌ಲೈಟ್ ಎದುರು ಓರೆ ಹಿಡಿದು ನೋಡಿ. ಒಳಗೋಡೆಗೆ ರವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಕೂತಿರುತ್ತವೆ. ಮೀಟರ್‌ಗೆ ಅದೂ ಒಂದು ಕಣವೇ. ನಾನು ನಲ್ಲಿಯನ್ನು ಸಣ್ಣಗೆ ಬಿಟ್ಟು, ಮೊದಲು ಬೀಕರ್‌ಗೆ ಹಿಡಿದು, ಆಮೇಲೆ ವೈಯಲ್ ಓರೆ ಮಾಡಿ ಗೋಡೆ ಗುಂಟ ಇಳಿಸ್ತೀನಿ. ಐದು ನಿಮಿಷ ಬಿಡ್ತೀನಿ. ಹೊರಗೆ ಮಂಜು ಕೂತಿದ್ರೆ ಒರೆಸಿ, ಮತ್ತೆ ಕೂರದಷ್ಟು ಹೊತ್ತು ಕಾಯ್ತೀನಿ.

ಕೊಳವೆ ಬಾವಿ ಸ್ಯಾಂಪಲ್ ನೋಡುವವರು:
ಕಾಯೋದು ನಮಗೆ ಉಲ್ಟಾ ಹೊಡೆಯುತ್ತೆ. ನಮ್ಮ ಬೋರ್ ನೀರು ಹಿಡಿದಾಗ ಕನ್ನಡಿ ಹಾಗಿರುತ್ತೆ, ಅರ್ಧ ಗಂಟೆಗೆ ಚಹಾ ಬಣ್ಣ. ಮೀಟರ್ ಏರ್ತಾ ಹೋಗುತ್ತೆ. ಮೀಟರ್ ಕೆಟ್ಟಿದೆ ಅಂತ ಎರಡು ಸಲ ರಿಪೇರಿಗೆ ಕಳಿಸಿದ್ದೆ.

ನಿವೃತ್ತ ಕೆಮಿಸ್ಟ್, ಮೈಸೂರು:
ನಿಮ್ಮದು ಕಬ್ಬಿಣ ಸರ್. ಗಾಳಿ ತಗಲಿ ತುಕ್ಕಿನ ಕಣ ಆಗುತ್ತಿದೆ. ಮೀಟರ್ ಸರಿಯಾಗಿಯೇ ಹೇಳುತ್ತಿದೆ. ನೀವು ಬೇಗ ಓದಬೇಕು. ಇವರದು ನದಿ ನೀರು, ಫಿಲ್ಟರ್ ಆದದ್ದು, ಇವರು ಕಾಯಬಹುದು.

ಕಣ ತಳಕ್ಕೆ ಕೂರುತ್ತದೆ ಅನ್ನೋ ಭಯಕ್ಕೆ ಒಂದು ಪರೀಕ್ಷೆ ಇದೆ. ಐದು ನಿಮಿಷದಲ್ಲಿ ರೀಡಿಂಗ್ ಇಳಿಯಿತು ಅಂದುಕೊಳ್ಳಿ. ವೈಯಲ್ ಅನ್ನು ಮೆಲ್ಲಗೆ ಎರಡು ಸಲ ತಲೆಕೆಳಗು ಮಾಡಿ ಮತ್ತೆ ಓದಿ. ಹಳೆಯ ಸಂಖ್ಯೆಗೆ ಏರಿದರೆ ಕಣ ಕೂತಿತ್ತು. ಕೆಳಗೇ ಉಳಿದರೆ ಹೋದದ್ದು ಗುಳ್ಳೆ. ಫಿಲ್ಟರ್ ಆದ ಮೇಲೆ ಉಳಿಯುವ ಕಣ ಅಷ್ಟು ಬೇಗ ಕೂರುವಂಥದ್ದಲ್ಲ.

ವೈಯಲ್‌ಗೆ ಹೀಗೆ ಮಾಡಿ. ಸೋಸಿದ ಅದೇ ನೀರನ್ನು ಮೂರಕ್ಕೂ ತುಂಬಿ, ಬಿಟ್ಟು ಓದಿ. ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ, ಎಲ್ಲಿ ಕಡಿಮೆ ಬರುತ್ತೋ ಅಲ್ಲಿ ಕತ್ತಿನ ಮೇಲೆ ಗುರುತು ಹಾಕಿ. ಮೀಟರ್‌ನಲ್ಲಿ ಇಡುವಾಗ ಆ ಗುರುತು ಯಾವಾಗಲೂ ಮುಂದೆ ಬರಲಿ. ಗಾಜಿನ ಹೊರಮೈಗೆ ಒಂದೇ ಹನಿ ಸಿಲಿಕೋನ್ ಎಣ್ಣೆ ಹಚ್ಚಿ, ನೂಲು ಬಿಡದ ಬಟ್ಟೆಯಲ್ಲಿ ಒಣಗಿದಂತೆ ಕಾಣುವವರೆಗೂ ಒರೆಸಿ. ಸಣ್ಣ ಗೀರುಗಳನ್ನು ಅದು ತುಂಬುತ್ತದೆ. ಉಗುರಿಗೆ ಸಿಗುವ ಗೀರಿದ್ದರೆ ಎಸೆಯಿರಿ.

ಕೇಳಿದವರು (ಎರಡು ದಿನದ ಮೇಲೆ):
ಮಾಡಿದೆ ಸರ್. ಸೋಸಿದ ನೀರಿಗೆ ಮೂರು ವೈಯಲ್: 0.09, 0.10, 0.27. ಆ 0.27ರದ್ದೇ ನಾನು ದಿನಾ ಬಳಸ್ತಿದ್ದದ್ದು. ಬೆಳಕಿಗೆ ಹಿಡಿದರೆ ನಡುವಿನಲ್ಲೇ ಬ್ರಷ್ ಉಜ್ಜಿದ ಗೆರೆಗಳು.

ಫಿಲ್ಟರ್ ನೀರನ್ನು ಹಳೇ ವೈಯಲ್‌ನಲ್ಲಿ ತಕ್ಷಣ ಓದಿದೆ, 0.61. ಹತ್ತು ನಿಮಿಷ ಬಿಟ್ಟೆ, 0.34. ತಲೆಕೆಳಗು ಮಾಡಿದೆ, 0.35. ಅಲ್ಲಿಗೆ ಗುಳ್ಳೆ ಅಂತ ಆಯ್ತು ಅಲ್ವಾ? ಅದೇ ನೀರು ಒಳ್ಳೇ ವೈಯಲ್‌ನಲ್ಲಿ 0.17. ಆಲಂ ಏರಿಸೋದು ಸದ್ಯ ನಿಂತಿದೆ. ಆನ್‌ಲೈನ್ ಮೀಟರ್ ಇನ್ನೂ 0.12. ಮಿಕ್ಕ 0.05 ಎಲ್ಲಿಂದ? ಸೋಸಿದ ನೀರಿನ 0.09 ಕಳೆದುಬಿಡಲೇ?

ಕಾಲೇಜು ಲ್ಯಾಬ್ ಸಹಾಯಕಿ:
ಕಳೆಯಿರಿ. ಬ್ಲ್ಯಾಂಕ್ ಕಳೆಯೋದು ಎಲ್ಲ ಟೆಸ್ಟ್‌ನಲ್ಲೂ ಇದೆ.

ನಿವೃತ್ತ ಕೆಮಿಸ್ಟ್, ಮೈಸೂರು:
ನಾನು ಕಳೆಯುವುದಿಲ್ಲ. ಆ 0.09ರಲ್ಲಿ ಎಷ್ಟು ಸ್ಟ್ರೇ ಲೈಟ್, ಎಷ್ಟು ಆ ನೀರಿನದೇ ಕದಡು ಅಂತ ನಿಮ್ಮ ಬಳಿ ಬೇರೆ ಮಾಡುವ ದಾರಿ ಇಲ್ಲ. ಕಣವೇ ಇಲ್ಲದ ನೀರೂ ಸೊನ್ನೆ ತೋರಿಸಲ್ಲ, ನೀರಿನ ಅಣುಗಳೇ 0.02ರ ಹತ್ತಿರ ಬೆಳಕು ಚೆದುರಿಸುತ್ತವೆ. ಕಳೆದರೆ 0.08 ಬರುತ್ತದೆ, ಆಗ ಆನ್‌ಲೈನ್‌ಗಿಂತ ಕೆಳಗೆ ಹೋಗುತ್ತೀರಿ. 0.17 ಅಂತಲೇ ಬರೆಯಿರಿ, ಪಕ್ಕದಲ್ಲಿ ವೈಯಲ್ ನಂಬರ್ ಮತ್ತು ಸೋಸಿದ ನೀರಿನ ರೀಡಿಂಗ್ ಬರೆದಿಡಿ.

ಫಿಲ್ಟರ್ ಹೌಸ್ ಆಪರೇಟರ್:
ಆನ್‌ಲೈನ್ 0.12 ಸರಿ ಅಂತ ಯಾರು ಹೇಳಿದ್ರು? ಅದರ ಬೆಳಕು ಯಾವುದು ನೋಡಿದ್ರಾ? ನಮ್ಮಲ್ಲಿ ಲೈನಿನದು ಇನ್‌ಫ್ರಾರೆಡ್, ಟೇಬಲ್ ಮೇಲಿನದು ಬಿಳಿ ಬಲ್ಬ್. ಒಂದೇ ನೀರಿಗೆ ಎರಡೂ ಒಂದೇ ಸಂಖ್ಯೆ ಕೊಟ್ಟಿದ್ದು ನಾನು ನೋಡಿಲ್ಲ.

ಕೇಳಿದವರು:
ನಮ್ಮದೂ ಟೇಬಲ್ ಮೇಲಿನದು ಬಲ್ಬ್. ಲೈನಿನದು ನೋಡಬೇಕು. ನಾಳೆ ಆ ಮೀಟರ್‌ನಿಂದ ಹೊರಗೆ ಹೋಗೋ ನೀರನ್ನೇ ಒಳ್ಳೇ ವೈಯಲ್‌ಗೆ ಹಿಡಿದು, ಹತ್ತು ನಿಮಿಷ ಬಿಟ್ಟು ಓದಿ, ಇಲ್ಲೇ ಹಾಕ್ತೀನಿ.